ಧಾರವಾಡದಿಂದ ಲೀಡ್ಸ್‌ಗೆ ಶೇಂಗಾ ಹೋಳಿಗೆ: ಒಂದು ಡಬ್ಬಿ ಹಾಳಾಯ್ತು, ಎರಡನೇದು ಮುಟ್ಟಿತು

ಅಕ್ಕ ಲೀಡ್ಸ್‌ನಲ್ಲಿದ್ದಾಳೆ, ಇಂಗ್ಲೆಂಡ್. ಹೋದ ದೀಪಾವಳಿಗೆ ಅವ್ವ ಕಟ್ಟಿಕೊಟ್ಟಿದ್ದನ್ನ ನಾನು ಒಂದು ದೊಡ್ಡ ರಟ್ಟಿನ ಡಬ್ಬಿಗೆ ತುಂಬಿ ಕಳ್ಸಿದ್ದೆ, ಮೂರು ವಾರ ಆದ್ಮೇಲೆ ಅಕ್ಕ ವಾಟ್ಸಾಪ್‌ನಲ್ಲಿ ಫೋಟೋ ಹಾಕಿದ್ಲು, ಅದನ್ನ ನೋಡಿ ಅವ್ವ ಎರಡು ದಿನ ನನ್ ಜೊತೆ ಸರಿಯಾಗಿ ಮಾತಾಡ್ಲಿಲ್ಲ. ಚಕ್ಕುಲಿ ಎಲ್ಲ ಪುಡಿ, ಹೋಳಿಗೆ ಮೇಲೆ ಬಿಳಿ ಬೂಸಲು, ಧಾರವಾಡ ಪೇಡೆ ಇದ್ದ ಜಾಗದಲ್ಲಿ ಒಂದು ಚೀಟಿ. ಚೀಟಿಯಲ್ಲಿ ಇದ್ದಿದ್ದು ಇಷ್ಟೇ, ಹಾಲಿನ ಪದಾರ್ಥ ಇತ್ತು, ತೆಗೆದಿಟ್ಟಿದ್ದೀವಿ.

ಈ ಸಲ ಸಂಕ್ರಾಂತಿಗೆ ಮತ್ತೆ ಕಳ್ಸೋದು ಅಂತ ಆದಾಗ ಇದನ್ನ ಒಂದು ಪ್ರಾಜೆಕ್ಟ್ ತರ ಮಾಡೋಣ ಅಂತ ನೋಟ್‌ಬುಕ್ ಇಟ್ಕೊಂಡು ಕೂತೆ. ಏನೇನು ಮಾಡ್ದೆ, ಎಲ್ಲಿ ತಪ್ಪಿತ್ತು ಅನ್ನೋದೆಲ್ಲ ಇಲ್ಲಿ ಬರೀತಿದ್ದೀನಿ. ಇದು ಬ್ರಿಟನ್‌ಗೆ ಕಳ್ಸೋ ಲೆಕ್ಕ, ಅಮೆರಿಕ ಆಸ್ಟ್ರೇಲಿಯಾಗೆ ರೂಲ್ಸ್ ಬೇರೆ, ಇದನ್ನೇ ಅಲ್ಲಿಗೆ ಹಚ್ಬೇಡಿ.

ಮೊದಲ್ನೇ ಡಬ್ಬಿ ಪೋಸ್ಟ್‌ಮಾರ್ಟಮ್

ಪೇಡೆ ಯಾಕೆ ಹೋಯ್ತು ಅನ್ನೋದು ಸುಲಭ. ನಮ್ ದೇಶದಿಂದ ಯಾರೇ ಆಗ್ಲಿ ಸ್ವಂತಕ್ಕೆ ಅಂತ ಮಾಂಸ ಆಗ್ಲಿ ಹಾಲಿನ ಪದಾರ್ಥ ಆಗ್ಲಿ ಬ್ರಿಟನ್‌ಗೆ ಒಯ್ಯೋ ಹಾಗಿಲ್ಲ, ಪೋಸ್ಟ್‌ನಲ್ಲೂ ಕಳ್ಸೋ ಹಾಗಿಲ್ಲ. ಕಾರಣ ಕಾಲುಬಾಯಿ ಜ್ವರದಂಥ ದನದ ರೋಗ. ಅವರಿಗೆ 2001ರಲ್ಲಿ ಆ ರೋಗ ಬಂದು ಲಕ್ಷಗಟ್ಟಲೆ ದನ ಕುರಿ ಕೊಲ್ಬೇಕಾಗಿ ಬಂದಿತ್ತು, ಹಂಗಾಗಿ ಈ ವಿಷಯದಲ್ಲಿ ಅವರದ್ದು ತಮಾಷೆ ಇಲ್ಲ. 2025ರ ಏಪ್ರಿಲ್‌ನಿಂದ ಪಕ್ಕದ ಯುರೋಪಿಂದ ಬರೋರಿಗೂ ಚೀಸ್, ಮಾಂಸ ತರೋದು ಬಂದ್ ಮಾಡಿದಾರೆ ಅಂದ್ರೆ ನಮ್ಮ ಪೇಡೆ ಯಾವ ಲೆಕ್ಕ. ಪೇಡೆ ಅಂದ್ರೆ ಹಾಲನ್ನ ಕಾಯಿಸಿ ಕಾಯಿಸಿ ಖೋವಾ ಮಾಡಿ ಹುರಿದಿದ್ದು ತಾನೇ, ಸಕ್ಕರೆ ತೆಗೆದ್ರೆ ಉಳಿಯೋದು ಬರೀ ಹಾಲು. ಬೆಳಗಾವಿ ಕುಂದಾನೂ ಅದೇ ಜಾತಿ.

ಮೈಸೂರ್ ಪಾಕ್, ಬೇಸನ್ ಉಂಡಿ, ತುಪ್ಪದಲ್ಲಿ ಅಂಟು ಹುರಿಯೋ ಕರದಂಟು, ಇವು ಮಧ್ಯದಲ್ಲಿ ಸಿಗಾಕ್ಕೊಂಡಿರೋವು. ಅವರ ಸರ್ಕಾರದ ಪಟ್ಟಿಯಲ್ಲಿ ಬಿಸ್ಕೆಟ್ ಸರಿ, ಬ್ರೆಡ್ ಸರಿ, ಹಸಿ ಕ್ರೀಮ್ ಇಲ್ಲದ ಕೇಕ್ ಸರಿ, ಚಾಕೊಲೇಟು ಮತ್ತೆ ಮಿಠಾಯಿನೂ ಸರಿ, ಆದ್ರೆ ಸಂಸ್ಕರಿಸದ ಹಾಲಿನ ಪದಾರ್ಥ ಹಾಕಿರಬಾರದು ಅಂತಿದೆ. ತುಪ್ಪ ಕಾಯಿಸಿದ್ದೇ ಆದ್ರಿಂದ ಮೈಸೂರ್ ಪಾಕ್ ಮಿಠಾಯಿ ಅಂತ ವಾದ ಮಾಡ್ಬಹುದು. ಆದ್ರೆ ಡಬ್ಬಿ ತೆರೆದು ನಿಂತಿರೋ ಅಧಿಕಾರಿ ಮುಂದೆ ನೀವೂ ಇರಲ್ಲ ನಾನೂ ಇರಲ್ಲ, ವಾದ ಮಾಡೋರು ಯಾರು? ಅನುಮಾನ ಬಂದ್ರೆ ಎತ್ತಿಡ್ತಾರೆ ಅಷ್ಟೆ. ಅದಕ್ಕೆ ನಾನು ತಗೊಂಡ ತೀರ್ಮಾನ ಏನಂದ್ರೆ ಹಾಲು, ಬೆಣ್ಣೆ, ತುಪ್ಪ ಮೂರೂ ಇಲ್ಲದ ತಿಂಡಿಗಳನ್ನೇ ಆರಿಸೋದು, ಆಗ ಡಿಕ್ಲರೇಷನ್‌ನಲ್ಲಿ ಇರೋದನ್ನ ಇದ್ದ ಹಾಗೇ ಬರೀಬಹುದು, ಯಾವ ಕಳ್ಳಾಟನೂ ಬೇಡ.

ಅವ್ವಗೆ ಇದು ಹಿಡಿಸ್ಲಿಲ್ಲ. "ತುಪ್ಪ ಇಲ್ದ ಹೋಳಗಿ ಕಳ್ಸೂದಾ? ಆಕಿ ಏನ್ ಪಥ್ಯ ಹಿಡದಾಳನು?" ಅಂದ್ಲು. ತುಪ್ಪ ಅಲ್ಲಿ ಅಂಗಡಿಯಲ್ಲೇ ಸಿಗುತ್ತೆ ಅವ್ವ, ಬಿಸಿ ಮಾಡಿ ಮೇಲೆ ಹಾಕ್ಕೊಂಡು ತಿಂತಾಳೆ ಅಂತ ಸಮಾಧಾನ ಮಾಡ್ದೆ.

ಇನ್ನೊಂದು ತಪ್ಪು ಕೊರಿಯರ್ ಏಜೆಂಟ್‌ದು. ಹೆಸರು ಬೇಡ. ನಾನು ತಿಂಡಿ ಅಂತ ಹೇಳಿದ್ರೂ ಅವನು ಇನ್‌ವಾಯ್ಸ್‌ನಲ್ಲಿ "ಬಟ್ಟೆ, ಗಿಫ್ಟ್ ಐಟಮ್ಸ್" ಅಂತ ಬರ್ಕೊಂಡಿದ್ದ, ಸಾರ್ ಎಲ್ರೂ ಹಿಂಗೇ ಕಳ್ಸೋದು ಅಂದ. ಎಕ್ಸ್‌ರೇಯಲ್ಲಿ ಬಟ್ಟೆ ಅಂತ ಬರೆದ ಡಬ್ಬಿ ಒಳಗೆ ಚಕ್ರ ಚಕ್ರ ಚಕ್ಕುಲಿ ಕಂಡ್ರೆ ತೆರೀದೇ ಇರ್ತಾರಾ? ತೆರೆದ್ರು, ಎಲ್ಲ ಕೆದಕಿದ್ರು, ಮತ್ತೆ ತುಂಬೋವಾಗ ನಾನು ಜೋಡಿಸಿದ ಹಾಗೆ ಜೋಡಿಸ್ಲಿಲ್ಲ, ಚಕ್ಕುಲಿ ಪುಡಿ ಆಗಿದ್ದು ಅರ್ಧ ಅಲ್ಲೇ ಅನ್ಸುತ್ತೆ.

ದುಡ್ಡಿನ ಪೆಟ್ಟು ಬೇರೆ. ಡಬ್ಬಿ 45 ಸೆಂಟಿಮೀಟರ್ ಉದ್ದ, 35 ಅಗಲ, 30 ಎತ್ತರ. ತಕ್ಕಡಿ ಮೇಲೆ 5.8 ಕೆಜಿ. ಬಿಲ್ ಬಂದಿದ್ದು 9.5 ಕೆಜಿಗೆ. ಎಕ್ಸ್‌ಪ್ರೆಸ್ ಕೊರಿಯರ್‌ನೋರು ತೂಕ ಒಂದೇ ನೋಡಲ್ಲ, ಡಬ್ಬಿ ವಿಮಾನದಲ್ಲಿ ಎಷ್ಟು ಜಾಗ ತಿನ್ನುತ್ತೆ ಅಂತನೂ ನೋಡ್ತಾರೆ, ಉದ್ದ ಅಗಲ ಎತ್ತರ ಮೂರನ್ನೂ ಸೆಂಟಿಮೀಟರ್‌ನಲ್ಲಿ ಗುಣಿಸಿ 5000ದಿಂದ ಭಾಗಿಸ್ತಾರೆ, ನಿಜವಾದ ತೂಕ ಮತ್ತೆ ಇದು ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ದುಡ್ಡು. ನಂದು 45 × 35 × 30 ಅಂದ್ರೆ 47,250, ಭಾಗಿಸಿದ್ರೆ 9.45. ನಾನು ಒಳಗೆ ಜಾಗ ತುಂಬ್ಲಿ ಅಂತ ನ್ಯೂಸ್‌ಪೇಪರ್ ಉಂಡೆ ಕಟ್ಟಿ ತುರುಕಿದ್ದೆ, ಅಂದ್ರೆ ಸುಮಾರು ಮೂರೂವರೆ ಕೆಜಿಯಷ್ಟು ಗಾಳಿಗೆ ದುಡ್ಡು ಕೊಟ್ಟು ಇಂಗ್ಲೆಂಡ್‌ಗೆ ಕಳ್ಸಿದ್ದೀನಿ.

ಎರಡನೇ ಸಲದ ಪಟ್ಟಿ

ತಿಂಡಿ ಆರಿಸೋವಾಗ್ಲೇ ತೂಕ ಮತ್ತೆ ಜಾಗ ಎರಡನ್ನೂ ಇಟ್ಕೊಂಡು ಆರಿಸಿದ್ದು. ಉಂಡಿ, ಚಟ್ನಿಪುಡಿ ಇವು ಗಟ್ಟಿ ಮಾಲು, ಸಣ್ಣ ಜಾಗದಲ್ಲಿ ಭಾರ. ಚಕ್ಕುಲಿ, ಅವಲಕ್ಕಿ ಇವು ಬರೀ ಗಾಳಿ. ಅವಲಕ್ಕಿ ಬಿಟ್ಟೆ. ಶೇಂಗಾ ಹೋಳಿಗೆ 24, ಒಂದೊಂದು ಸುಮಾರು 50 ಗ್ರಾಂ, ಒಟ್ಟು 1.2 ಕೆಜಿ. ಎಳ್ಳುಂಡಿ ಮತ್ತೆ ಶೇಂಗಾ ಉಂಡಿ ಸೇರಿ 1 ಕೆಜಿ. ಖಡಕ್ ಜೋಳದ ರೊಟ್ಟಿ 600 ಗ್ರಾಂ. ಶೇಂಗಾ ಚಟ್ನಿಪುಡಿ ಅರ್ಧ ಕೆಜಿ. ಚಕ್ಕುಲಿ ಮುಕ್ಕಾಲು ಕೆಜಿ, ಅದು ಅಕ್ಕನ ಮಗಳಿಗೆ, ಅದಿಲ್ದೆ ನಡೆಯಲ್ಲ. ಚಕ್ಕುಲಿ ಹಿಟ್ಟಿಗೆ ಬೆಣ್ಣೆ ಬದ್ಲು ಕಾಯಿಸಿದ ಎಣ್ಣೆ ಹಾಕಿಸಿದೆ, ಸ್ವಲ್ಪ ಬಿರುಸು ಆಗುತ್ತೆ ನಿಜ, ಆದ್ರೆ ಗಟ್ಟಿ ಇರೋದ್ರಿಂದ ದಾರಿಯಲ್ಲಿ ಕಡಿಮೆ ಮುರಿಯುತ್ತೆ, ಅದೊಂದು ಲಾಭ.

ಹೋಳಿಗೆ ಬೂಸಲು ಬರದ ಹಾಗೆ

ಇದಕ್ಕೇ ನಾನು ಜಾಸ್ತಿ ತಲೆ ಕೆಡಿಸ್ಕೊಂಡಿದ್ದು. ಬೇಳೆ ಹೋಳಿಗೆ ಕಳ್ಸೋ ಪ್ರಶ್ನೆನೇ ಇಲ್ಲ, ಬೇಯಿಸಿದ ಬೇಳೆ ಹೂರಣದಲ್ಲಿ ನೀರಿರುತ್ತೆ, ಎರಡು ಮೂರು ದಿನಕ್ಕೆ ಹಳಸುತ್ತೆ. ಶೇಂಗಾ ಹೋಳಿಗೆ ಹಂಗಲ್ಲ, ಹೂರಣ ಅಂದ್ರೆ ಹುರಿದ ಶೇಂಗಾ ಪುಡಿ, ಎಳ್ಳು, ಬೆಲ್ಲ, ಯಾಲಕ್ಕಿ ಅಷ್ಟೆ. ಸರಿಯಾಗಿ ಮಾಡಿದ್ರೆ ಎರಡು ವಾರದ ಮೇಲೂ ಇರುತ್ತೆ. ಮತ್ತೆ ಹೋದ ಸಲ ಯಾಕೆ ಹಂಗಾಯ್ತು ಅಂತ ಅವ್ವನ್ನ ಕೇಳ್ದೆ, ಅವಳು ನೇರವಾಗಿ "ನೀ ಅವಸರಾ ಮಾಡಿ ಬಿಸಿ ಇದ್ದಾಗ್ಲೇ ಕಟ್ಟೀದಿ" ಅಂದ್ಲು. ಹೌದು, ಅವತ್ತು ಏಜೆಂಟ್ ಪಿಕಪ್ ಟೈಮ್ ಐದು ಗಂಟೆ ಅಂತ ಉಗುರುಬೆಚ್ಚಗಿರೋವಾಗ್ಲೇ ಪ್ಲಾಸ್ಟಿಕ್ ಚೀಲಕ್ಕೆ ಹಾಕಿದ್ದೆ. ಒಳಗಿನ ಹಬೆ ಚೀಲದ ಗೋಡೆಗೆ ನೀರಾಗಿ ಕೂತು ಮತ್ತೆ ಹೋಳಿಗೆ ಮೇಲೇ ಇಳಿಯುತ್ತೆ, ಬೂಸಲಿಗೆ ಅಷ್ಟು ತೇವ ಸಾಕು.

ಈ ಸಲ ಪಾರ್ಸಲ್ ಕೊಡೋದಕ್ಕೆ ಒಂದು ದಿನ ಮುಂಚೆನೇ ಮಾಡಿದ್ದು. ಒಣಗಿದ ಹಳೇ ಬೆಲ್ಲ, ಕೈಗೆ ಅಂಟೋ ಹಸಿ ಬೆಲ್ಲ ಅಲ್ಲ. ಕಣಕಕ್ಕೆ ಎಣ್ಣೆ, ಹೆಂಚಿನ ಮೇಲೆ ಸಣ್ಣ ಉರಿಯಲ್ಲಿ ಎರಡೂ ಕಡೆ ಜಾಸ್ತಿ ಹೊತ್ತು ಬೇಯಿಸಿ, ಅಂಚು ಒತ್ತಿದ್ರೆ ಮೆತ್ತಗೆ ಇರಬಾರದು. ಆಮೇಲೆ ಕಾಟನ್ ಬಟ್ಟೆ ಮೇಲೆ ಒಂದರ ಮೇಲೊಂದು ಪೇರಿಸದೆ ಹರವಿ, ಫ್ಯಾನ್ ಕೆಳಗೆ ಆರು ತಾಸು, ಮಧ್ಯೆ ಎರಡು ಸಲ ತಿರುವಿ ಹಾಕಿದೆ. ಫ್ರಿಜ್ಜಿಗೆ ಮಾತ್ರ ಇಡ್ಬೇಡಿ, ಹೊರಗೆ ತೆಗೆದ ಕೂಡ್ಲೇ ಬೆವರುತ್ತೆ.

ಆರಿದೆಯೋ ಇಲ್ವೋ ನೋಡೋಕೆ ಒಂದು ಟೆಸ್ಟ್ ಮಾಡ್ದೆ. ಎರಡು ಹೋಳಿಗೆ ಒಂದು ಪಾರದರ್ಶಕ ಚೀಲಕ್ಕೆ ಹಾಕಿ ಬಾಯಿ ಕಟ್ಟಿ ಅರ್ಧ ತಾಸು ಬಿಟ್ಟು ನೋಡೋದು. ಒಳಗಡೆ ಸ್ವಲ್ಪ ಮಂಜು ತರ ಕಂಡ್ರೂ ಇನ್ನೂ ಆರಿಲ್ಲ ಅಂತ ಅರ್ಥ. ನಾಲ್ಕು ತಾಸಿಗೆ ನೋಡಿದಾಗ ಮಂಜು ಬಂತು, ಕೈಗೆ ತಣ್ಣಗೇ ಹತ್ತಿತ್ತು ಆದ್ರೂ. ಆರು ತಾಸಿಗೆ ಬರ್ಲಿಲ್ಲ.

ಆರಾರು ಹೋಳಿಗೆ ಒಂದು ಪ್ಯಾಕ್, ನಡುನಡುವೆ ಬಟರ್ ಪೇಪರ್. ಒಟ್ಟು 30 ಮಾಡಿಸಿದ್ದು, 24 ಅಕ್ಕಂಗೆ, ಉಳಿದ ಆರನ್ನ ಅದೇ ಪೌಚ್‌ನಲ್ಲಿ ಅದೇ ತರ ಸೀಲ್ ಮಾಡಿ ಮನೆ ಕಪಾಟಿನಲ್ಲಿ ಇಟ್ಟೆ. ಇದು ಸಾಕ್ಷಿ ಪ್ಯಾಕ್. ಅಲ್ಲಿ ಪಾರ್ಸಲ್ ಮುಟ್ಟಿದ ದಿನ ಇಲ್ಲಿ ಇದನ್ನ ಒಡೆಯೋದು, ಅಲ್ಲಿ ಕೆಟ್ಟು ಇಲ್ಲಿ ಚೆನ್ನಾಗಿದ್ರೆ ದಾರಿಯ ತಪ್ಪು, ಎರಡೂ ಕಡೆ ಕೆಟ್ಟಿದ್ರೆ ನಮ್ಮ ಅಡುಗೆಮನೆ ತಪ್ಪು.

ಸೀಲಿಂಗ್

ಕೈಯಲ್ಲಿ ಒತ್ತೋ ಎಂಟು ಇಂಚಿನ ಹೀಟ್ ಸೀಲಿಂಗ್ ಮಿಷನ್ ತಗೊಂಡೆ, ಜೊತೆಗೆ ದಪ್ಪ ಲ್ಯಾಮಿನೇಟೆಡ್ ಪೌಚ್. ದಿನಸಿ ಅಂಗಡಿಯ ತೆಳ್ಳನೆ ಪ್ಲಾಸ್ಟಿಕ್ ಚೀಲದಲ್ಲಿ ಶೇಂಗಾ ಪದಾರ್ಥ ಕಟ್ಟಿದ್ರೆ ಎಣ್ಣೆ ನಿಧಾನಕ್ಕೆ ಹೊರಗೆ ಬರುತ್ತೆ, ಗಾಳಿ ಒಳಗೆ ಹೋಗುತ್ತೆ, ಎರಡು ವಾರಕ್ಕೆ ಕಮಟು ವಾಸನೆ. ಸೀಲ್ ಒತ್ತೋ ಜಾಗದಲ್ಲಿ ಚಟ್ನಿಪುಡಿ ಒಂದು ಕಣ ಕೂತಿದ್ರೂ ಅಲ್ಲಿ ಅಂಟಲ್ಲ, ಹಂಗಾಗಿ ಪೇಪರ್ ಸುತ್ತಿ ಕೊಳವೆ ಮಾಡಿ ಅದರಿಂದ ಪುಡಿ ಇಳಿಸಿದೆ, ಒಂದು ಬೆರಳು ಅಂತರ ಬಿಟ್ಟು ಎರಡು ಸಲ ಸೀಲ್ ಒತ್ತಿದೆ. ಆಮೇಲೆ ಬಕೆಟ್ ನೀರಲ್ಲಿ ಮುಳುಗಿಸಿ ಮೆಲ್ಲಗೆ ಹಿಸುಕೋದು, ಗುಳ್ಳೆ ಬಂದ್ರೆ ಸೀಲ್ ಸೋರ್ತಿದೆ. ಒಂಬತ್ತು ಪೌಚ್‌ನಲ್ಲಿ ಎರಡರಲ್ಲಿ ಗುಳ್ಳೆ ಬಂತು, ಅವನ್ನ ಬಿಚ್ಚಿ ಹೊಸ ಪೌಚಿಗೆ ಹಾಕಿದೆ.

ಹೋದ ಸಲ ಒಂದು ಚಟ್ನಿಪುಡಿ ಪ್ಯಾಕ್ ಒಡೆದು ಎಲ್ಲದರ ಮೇಲೂ ಚೆಲ್ಲಿತ್ತು, ಏನೂ ಚುಚ್ಚಿರ್ಲಿಲ್ಲ, ಆಮೇಲೆ ಗೊತ್ತಾಗಿದ್ದು ನಾನು ಅದನ್ನ ದಿಂಬಿನ ತರ ಗಾಳಿ ತುಂಬಿಸಿ ಸೀಲ್ ಮಾಡಿದ್ದೇ ತಪ್ಪು ಅಂತ. ವಿಮಾನ ಹಾರೋವಾಗ ಒಳಗಿನ ಗಾಳಿ ಒತ್ತಡ ನೆಲದ ಮೇಲಿನ ಮುಕ್ಕಾಲು ಪಾಲಿಗೆ ಇಳಿಯುತ್ತೆ, ಪ್ಯಾಕ್ ಒಳಗಿನ ಗಾಳಿ ಆಗ ಮೂರರಲ್ಲಿ ಒಂದು ಪಾಲು ಜಾಸ್ತಿ ಜಾಗ ಕೇಳುತ್ತೆ. ಆದ್ರಿಂದ ಸೀಲ್ ಮಾಡೋ ಮುಂಚೆ ಕೈಯಿಂದ ಒತ್ತಿ ಗಾಳಿ ತೆಗೀಬೇಕು, ಪೌಚ್ ಸ್ವಲ್ಪ ಸುಕ್ಕು ಸುಕ್ಕಾಗಿ ಜೋಲಾಡ್ತಾ ಇರ್ಬೇಕು.

ಪಕ್ಕದ ಮನೆಯೋರ ಹತ್ರ ವ್ಯಾಕ್ಯೂಮ್ ಮಿಷನ್ ಇತ್ತು, ತಂದು ಚಕ್ಕುಲಿಗೆ ಹಾಕಿ ನೋಡ್ದೆ, ಕಣ್ಣೆದುರೇ ಕಟಕಟ ಅಂತ ಪುಡಿ ಆಯ್ತು. ರೊಟ್ಟಿನೂ ಹಂಗೇ. ಉಂಡಿಗೆ, ಚಟ್ನಿಪುಡಿಗೆ ಮಾತ್ರ ವ್ಯಾಕ್ಯೂಮ್ ಸರಿ. ಚಕ್ಕುಲಿನ ಅಗಲ ಬಾಯಿ ಪ್ಲಾಸ್ಟಿಕ್ ಡಬ್ಬಿಗೆ ಒಂದರ ಮೇಲೊಂದು ಚಪ್ಪಟೆ ಮಲಗಿಸಿ, ಎರಡೆರಡರ ನಡುವೆ ಟಿಶ್ಯೂ, ಮುಚ್ಚಳದ ಕೆಳಗೆ ಉಳಿದ ಜಾಗಕ್ಕೆ ಟಿಶ್ಯೂ ಉಂಡೆ. ಕಿವಿ ಹತ್ರ ಹಿಡಿದು ಅಲ್ಲಾಡಿಸಿದ್ರೆ ಸದ್ದು ಬರಬಾರದು, ಸದ್ದು ಬಂದ್ರೆ ಒಳಗೆ ಓಡಾಡ್ತಿದೆ, ಓಡಾಡಿದ್ರೆ ಮುರಿಯುತ್ತೆ. ರೊಟ್ಟಿಗೆ ಮೇಲೆ ಕೆಳಗೆ ದುಂಡಗೆ ಕತ್ತರಿಸಿದ ರಟ್ಟು ಕೊಟ್ಟು ಬಿಗಿಯಾಗಿ ಕ್ಲಿಂಗ್ ಫಿಲ್ಮ್ ಸುತ್ತಿದೆ. ರೊಟ್ಟಿ ಮುರಿದ್ರೂ ಚಿಂತೆ ಇಲ್ಲ ಬಿಡಿ, ಹೆಂಗೂ ಮುರ್ಕೊಂಡೇ ತಿನ್ನೋದು.

ಡಬ್ಬಿ

ಐದು ಪದರದ ರಟ್ಟಿನ ಡಬ್ಬಿ, 35 × 28 × 22. ಲೆಕ್ಕ ಹಾಕಿದ್ರೆ 21,560, ಭಾಗ 5000, ಅಂದ್ರೆ 4.3 ಕೆಜಿ. ತಿಂಡಿ 4.05 ಕೆಜಿ, ಡಬ್ಬಿ ಪೌಚು ಬಬಲ್ ರ‍್ಯಾಪ್ ಎಲ್ಲ ಸೇರಿ ತಕ್ಕಡಿ ಮೇಲೆ 4.7. ಈ ಸಲ ಗಾಳಿಗೆ ದುಡ್ಡಿಲ್ಲ. ಭಾರದ ಉಂಡಿ ಚಟ್ನಿಪುಡಿ ತಳಕ್ಕೆ, ನಡುವೆ ಹೋಳಿಗೆ, ಪಕ್ಕಕ್ಕೆ ಚಕ್ಕುಲಿ ಡಬ್ಬಿ ನಿಲ್ಲಿಸಿ, ರೊಟ್ಟಿ ಎಲ್ಲಕ್ಕಿಂತ ಮೇಲೆ. ಸುತ್ತ ಎರಡು ಬೆರಳು ಬಬಲ್ ರ‍್ಯಾಪ್. ಅಪ್ಪ ಮಾವಿನಹಣ್ಣು ಪ್ಯಾಕ್ ಮಾಡೋ ಹಾಗೆ ಒಣಹುಲ್ಲು ಹಾಕು ಅಂದ್ರು, ಬೇಡ ಅಂದೆ, ಹುಲ್ಲು ಹೊಟ್ಟು ಕಂಡ್ರೆ ಅಲ್ಲಿ ಅದೇ ಇನ್ನೊಂದು ತಕರಾರು ಆಗುತ್ತೆ. ಟೇಪ್ ಹಾಕಿ ಸೊಂಟದೆತ್ತರದಿಂದ ಮೂಲೆ ಕೆಳಗಾಗಿ ನೆಲಕ್ಕೆ ಬೀಳಿಸಿದೆ. ಅವ್ವ "ಹುಚ್ಚ ಹಿಡದೈತನು ನಿನಗ" ಅಂದ್ಲು. ಬಿಚ್ಚಿ ನೋಡಿದ್ರೆ ಎರಡು ಚಕ್ಕುಲಿ ಮುರಿದಿದ್ವು, ಅಷ್ಟೇ.

ಬಿಚ್ಚಿದಾಗ ಇನ್ನೊಂದು ಸಿಕ್ತು. ರೊಟ್ಟಿ ಪಕ್ಕದ ಸಂದಿಯಲ್ಲಿ, ಬಟ್ಟೆಯಲ್ಲಿ ಸುತ್ತಿದ ಸಣ್ಣ ಬಾಟ್ಲಿ ತುಪ್ಪ! ನಾನು ಟೇಪ್ ತರೋಕೆ ಹೋದಾಗ ಅವ್ವ ಇಟ್ಟಿದ್ದು. ಅದೊಂದು ಬಾಟ್ಲಿಯಿಂದ ಇಡೀ ಡಬ್ಬಿ ನಿಂತು ಹೋಗ್ತಿತ್ತು, ಮೇಲಿಂದ ಫಾರ್ಮ್‌ನಲ್ಲಿ ಹಾಲಿನ ಪದಾರ್ಥ ಇಲ್ಲ ಅಂತ ಸೈನ್ ಮಾಡೋನು ನಾನು. ತೆಗೆದು ಅಡುಗೆಮನೆಗೆ ಇಟ್ಟೆ, ಬೈಲಿಲ್ಲ.

ಫಾರ್ಮ್ ಮತ್ತೆ ಬೆಲೆ

ಈ ಸಲ ಏಜೆಂಟ್ ಬೇಡ ಅಂತ ಹೆಡ್ ಪೋಸ್ಟ್ ಆಫೀಸ್‌ಗೆ ಹೋಗಿ ಇಂಟರ್‌ನ್ಯಾಷನಲ್ ಸ್ಪೀಡ್ ಪೋಸ್ಟ್ ಮಾಡಿದೆ. ಎಕ್ಸ್‌ಪ್ರೆಸ್ ಕೊರಿಯರ್ ಬೇಗ ಹೋಗುತ್ತೆ ನಿಜ, ತುಂಬಾ ಹಾಳಾಗೋ ಪದಾರ್ಥ ಇದ್ರೆ ಅದೇ ಸರಿ, ನಂದು ಎರಡು ವಾರ ತಡ್ಕೊಳ್ಳೋ ಮಾಲು ಆದ್ರಿಂದ ಆ ದುಡ್ಡು ಬೇಕಿರ್ಲಿಲ್ಲ. ಆಮೇಲೆ ಫಾರ್ಮ್ ನಾನೇ ನನ್ ಕೈಯಾರೆ ತುಂಬೋದು ನಂಗೆ ಮುಖ್ಯ ಆಗಿತ್ತು. ಐಡಿ ಜೆರಾಕ್ಸ್ ಬೇಕು. ಡಬ್ಬಿ ಬಾಯಿ ಪೂರ್ತಿ ಮುಚ್ಚದೆ ಟೇಪ್ ಜೊತೆ ತಗೊಂಡು ಹೋಗಿ, ಕೌಂಟರ್‌ನಲ್ಲಿ ಒಳಗೇನಿದೆ ತೋರ್ಸಿ ಅಂತ ಕೇಳಿದ್ರು, ಅಲ್ಲೇ ತೋರ್ಸಿ ಅಲ್ಲೇ ಟೇಪ್ ಸುತ್ತಿದೆ.

ಕಸ್ಟಮ್ಸ್ ಫಾರ್ಮ್‌ಗೆ ಸಿಎನ್ 23 ಅಂತ ಹೆಸರು. ಅದರಲ್ಲಿ "ಸ್ನ್ಯಾಕ್ಸ್" ಅಂತ ಒಂದೇ ಸಾಲು ಬರೀಬೇಡಿ, "ಚಕ್ಕುಲಿ", "ಉಂಡಿ" ಅಂತನೂ ಬರೀಬೇಡಿ, ಓದೋನಿಗೆ ಅದು ಏನಂತ ಗೊತ್ತಾಗಲ್ಲ, ಗೊತ್ತಾಗ್ಲಿಲ್ಲ ಅಂದ್ರೆ ತೆರೀತಾನೆ. ನಾನು ಐದು ಸಾಲು ಇಂಗ್ಲಿಷ್‌ನಲ್ಲಿ ಬರೆದೆ: ಮನೆಯಲ್ಲಿ ಮಾಡಿದ ಶೇಂಗಾ ಬೆಲ್ಲದ ಸಿಹಿ ರೊಟ್ಟಿ, ಎಳ್ಳು ಶೇಂಗಾ ಬೆಲ್ಲದ ಉಂಡೆ, ಒಣ ಜೋಳದ ರೊಟ್ಟಿ, ಹುರಿದ ಶೇಂಗಾ ಖಾರದ ಪುಡಿ, ಕರಿದ ಅಕ್ಕಿ ಹಿಟ್ಟಿನ ತಿಂಡಿ. ಪ್ರತಿಯೊಂದರ ಎದುರು ತೂಕ ಮತ್ತೆ ಬೆಲೆ. ಒಳಗಿನ ಪ್ರತಿ ಪೌಚ್ ಮೇಲೂ ಅದೇ ಮಾತಿನ ಲೇಬಲ್, ಮಾಡಿದ ತಾರೀಖು, ಏನೇನು ಹಾಕಿದೆ, ಹಾಲು ಮಾಂಸ ಮೊಟ್ಟೆ ಇಲ್ಲ ಅಂತ. ಫಾರ್ಮ್ ಮೇಲಿನ ಮಾತು ಪೌಚ್ ಮೇಲಿನ ಮಾತು ಒಂದೇ ಇದ್ರೆ ತೆರೆದು ನೋಡಿದೋನು ಬೇಗ ಮುಚ್ತಾನೆ. "ಗಿಫ್ಟ್" ಅನ್ನೋ ಚೌಕಕ್ಕೆ ಟಿಕ್.

ಬೆಲೆ ವಿಷಯ. ಬ್ರಿಟನ್‌ನಲ್ಲಿ ಒಬ್ಬ ವ್ಯಕ್ತಿ ಇನ್ನೊಬ್ಬ ವ್ಯಕ್ತಿಗೆ ಹಬ್ಬಕ್ಕೋ ಹುಟ್ಟುಹಬ್ಬಕ್ಕೋ ಕಳ್ಸೋ ಗಿಫ್ಟ್ 39 ಪೌಂಡ್ ತನಕ ತೆರಿಗೆ ಇಲ್ಲ. ದಾಟಿದ್ರೆ ಅವರ ವ್ಯಾಟ್ ಬೀಳಬಹುದು, ಅದರ ಮೇಲೆ ಪಾರ್ಸಲ್ ತಲುಪಿಸೋರು ಹ್ಯಾಂಡ್ಲಿಂಗ್ ಅಂತ ಬೇರೆ ಫೀ ಹಾಕ್ತಾರೆ, ಅದನ್ನ ಕಟ್ಟೋ ತನಕ ಡಬ್ಬಿ ಡಿಪೋದಲ್ಲೇ ಕೂತಿರುತ್ತೆ. ಕಟ್ಟಬೇಕಾಗಿರೋದು ಅಕ್ಕ, ನಾವಲ್ಲ. ಹೋದ ಸಲ ಏಜೆಂಟ್ ಸುಮ್ನೆ 100 ಪೌಂಡ್ ಅಂತ ಹಾಕಿದ್ದ, ಅಕ್ಕ ತನ್ನ ತಿಂಡಿಗೆ ತಾನೇ ದುಡ್ಡು ಕೊಟ್ಟು ಬಿಡಿಸ್ಕೊಂಡ್ಲು. ನಂದು ಶೇಂಗಾ, ಬೆಲ್ಲ, ಎಣ್ಣೆ, ಹಿಟ್ಟು ಎಲ್ಲ ಸೇರಿ ನಿಜವಾದ ಲೆಕ್ಕ 1,900 ರೂಪಾಯಿ, ಅದನ್ನೇ ಬರೆದೆ, ಮಿತಿಯ ಅರ್ಧನೂ ಆಗ್ಲಿಲ್ಲ. ಅಕ್ಕನ ಫೋನ್ ನಂಬರ್ ಮತ್ತೆ ಅಲ್ಲಿನ ಪೋಸ್ಟ್‌ಕೋಡ್ ದೊಡ್ಡದಾಗಿ ಎರಡು ಕಡೆ ಬರೆದು, ಮೇಲೆ ಅಗಲ ಪಾರದರ್ಶಕ ಟೇಪ್ ಅಂಟಿಸಿದೆ, ಅಲ್ಲಿ ಜನವರಿಯಲ್ಲಿ ಮಳೆ.

ಆಮೇಲೆ

ಸೋಮವಾರ ಕೊಟ್ಟಿದ್ದು. ಟ್ರ್ಯಾಕಿಂಗ್‌ನಲ್ಲಿ ಮೂರು ದಿನ ಇಲ್ಲೇ ಎಕ್ಸ್‌ಪೋರ್ಟ್ ಕಸ್ಟಮ್ಸ್, ಆಮೇಲೆ ನಾಲ್ಕು ದಿನ ಏನೂ ಕಾಣ್ಲಿಲ್ಲ, ನಾನು ದಿನಕ್ಕೆ ಹತ್ತು ಸಲ ನೋಡೋದು. ಆಮೇಲೆ ಪಾರ್ಸೆಲ್‌ಫೋರ್ಸ್‌ನ ಸೈಟ್‌ನಲ್ಲಿ ಅದೇ ನಂಬರ್ ಹಾಕಿದ್ರೆ ಅಲ್ಲಿ ಕಾಣಿಸ್ತು, ಬ್ರಿಟನ್‌ನಲ್ಲಿ ನಮ್ಮ ಸ್ಪೀಡ್ ಪೋಸ್ಟ್ ತಲುಪಿಸೋರು ಅವರೇ, ನಮ್ಮ ಕಡೆ ಅಪ್‌ಡೇಟ್ ನಿಂತ್ರೆ ಅಲ್ಲಿ ನೋಡಿ. ಕೊಟ್ಟ ಹನ್ನೊಂದನೇ ದಿನ ಮುಟ್ಟಿತು. ಡಬ್ಬಿ ಒಂದು ಕಡೆ ಕೊಯ್ದು ಮತ್ತೆ ಟೇಪ್ ಹಾಕಿದಾರೆ, ಅಂದ್ರೆ ತೆರೆದು ನೋಡಿದಾರೆ, ಆದ್ರೆ ಏನೂ ತೆಗೆದಿಲ್ಲ, ಚಾರ್ಜೂ ಇಲ್ಲ.

ಅಕ್ಕ ವಿಡಿಯೋ ಕಾಲ್‌ನಲ್ಲೇ ಒಂದೊಂದಾಗಿ ಬಿಚ್ಚಿದ್ಲು. ರೊಟ್ಟಿ ಆರು ಮುರಿದಿತ್ತು, ಚಕ್ಕುಲಿ ನಾಲ್ಕು. ಹೋಳಿಗೆ ಪೂರ್ತಿ ಚೆನ್ನಾಗಿತ್ತು, ಸ್ವಲ್ಪ ಗಟ್ಟಿ ಆಗಿತ್ತು, ಹೆಂಚಿನ ಮೇಲೆ ಅರ್ಧ ನಿಮಿಷ ಇಟ್ರೆ ಸರಿ ಹೋಯ್ತು. ಒಂದು ಪೌಚ್ ಎಳ್ಳುಂಡಿ ಮಾತ್ರ ಅಂಟಂಟಾಗಿ ಒಂದಕ್ಕೊಂದು ಹತ್ಕೊಂಡಿತ್ತು, ಆ ಸೀಲ್ ಸರಿ ಇತ್ತು ಅಂತ ಬಕೆಟ್‌ನಲ್ಲಿ ನೋಡಿದ್ದೆ, ಹಂಗಾಗಿ ಅದು ಪಾಕದ್ದೇ ತಪ್ಪು, ಬೆಲ್ಲ ಒಂದು ಹದ ಹಿಂದೆನೇ ಇಳಿಸಿದ್ದು. ಮುಂದಿನ ಸಲ ಪಾಕದ ಒಂದು ಹನಿ ನೀರಿಗೆ ಹಾಕಿ, ಅದು ಟಣ್ ಅಂತ ಮುರಿಯೋ ತನಕ ಕಾಯ್ಬೇಕು.

ಈ ಕಡೆ ನಾನು ಸಾಕ್ಷಿ ಪ್ಯಾಕ್ ತರೋಕೆ ಕಪಾಟಿಗೆ ಹೋದ್ರೆ ಪೌಚ್ ಕತ್ತರಿಸಿತ್ತು, ಒಳಗೆ ಎರಡೇ ಹೋಳಿಗೆ. ಅವ್ವ ಅಪ್ಪನ್ನ ನೋಡಿದ್ಲು, ಅಪ್ಪ ಫೋನ್ ನೋಡ್ತಿದ್ರು. ಉಳಿದ ಎರಡು ಚೆನ್ನಾಗೇ ಇದ್ವು. ಅಕ್ಕ ಆ ಕಡೆ ತುಪ್ಪ ಕಾಯಿಸಿ ತಂದು ಹೋಳಿಗೆ ಮೇಲೆ ಹಾಕ್ಕೊಂಡು ಕೂತಿದ್ಲು, ಅವ್ವ ಸ್ಕ್ರೀನ್ ಹತ್ರ ಮುಖ ತಂದು "ಅದ್ಯಾವ್ ತುಪ್ಪನ? ಬಣ್ಣಾನ ಸರಿ ಇಲ್ಲ ನೋಡು" ಅಂದ್ಲು.